‘ಬೇಡ’ ಅನ್ನೋಕೂ ಜಾಗ ಇರುವ ಪತ್ರ

ನಮ್ಮ ಶಾಲೆಗೆ ಈ ವರ್ಷ ಐವತ್ತು ತುಂಬಿತು. ಸುವರ್ಣ ಮಹೋತ್ಸವಕ್ಕೆ ಹತ್ತು ನಿಮಿಷದ ಒಂದು ವಿಡಿಯೊ ಮಾಡಿಸೋಣ ಅಂತ ಎಸ್‌ಡಿಎಂಸಿಯವರೂ ಹಳೆ ವಿದ್ಯಾರ್ಥಿಗಳ ಸಂಘದವರೂ ಸೇರಿ ತೀರ್ಮಾನ ಮಾಡಿದರು. ಪೋಷಕರಿಂದ ಒಪ್ಪಿಗೆ ಪತ್ರ ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಹಿಂದಿನ ವರ್ಷಗಳ ಚೀಟಿ ಹೇಗಿತ್ತು ಅಂತ ಬೀರುವಿನಿಂದ ಹಳೆ ಕಡತ ತೆಗೆದು ನೋಡಿದೆ. ಒಂದೇ ವಾಕ್ಯ ಇತ್ತು: “ಶಾಲೆಯ ಕಾರ್ಯಕ್ರಮಗಳಲ್ಲಿ ನನ್ನ ಮಗ/ಮಗಳ ಫೋಟೊ ಮತ್ತು ವಿಡಿಯೊ ಬಳಸಲು ನನ್ನ ಒಪ್ಪಿಗೆ ಇದೆ.” ಕೆಳಗೆ ಸಹಿಗೆ ಒಂದು ಗೆರೆ. ಆ ಗೆರೆಯ ಮೇಲೆ ಎಲ್ಲರೂ ಸಹಿ ಹಾಕಿದ್ದರು. ಒಬ್ಬರೂ ಬಿಟ್ಟಿರಲಿಲ್ಲ. ಕೆಲವು ಹೆಬ್ಬೆಟ್ಟು. ಇನ್ನು ಕೆಲವು ಸಹಿಗಳಂತೂ ನಾಲ್ಕನೇ ಕ್ಲಾಸಿನ ಮಕ್ಕಳು ಕಾಪಿ ಬರೆಯುವ ದುಂಡು ಅಕ್ಷರದಲ್ಲೇ ಇದ್ದವು. ಅಪ್ಪನ ಹೆಸರನ್ನು ಮಗಳೇ ಬರೆದು ತಂದಿದ್ದಾಳೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಇಡೀ ಶಾಲೆಯಲ್ಲಿ ಒಬ್ಬರೂ ‘ಬೇಡ’ ಅನ್ನಲಿಲ್ಲ ಅಂದರೆ ಎಲ್ಲರೂ ಮನಸಾರೆ ಒಪ್ಪಿದರು ಅಂತ ಅರ್ಥನಾ? ನನಗೆ ಹಾಗೆ ಅನ್ನಿಸಲಿಲ್ಲ. ಆ ಚೀಟಿಯಲ್ಲಿ ‘ಬೇಡ’ ಅಂತ ಬರೆಯೋಕೆ ಜಾಗವೇ ಇರಲಿಲ್ಲ. ಸರ್ಕಾರಿ ಶಾಲೆಯಿಂದ ಚೀಟಿ ಬಂತು ಅಂದರೆ ನಮ್ಮ ಕಡೆ ಪೋಷಕರು ಓದುವ ಮೊದಲೇ ಪೆನ್ನು ಹುಡುಕುತ್ತಾರೆ. ಸ್ಕಾಲರ್‌ಶಿಪ್ಪಿಗೋ, ಸಮವಸ್ತ್ರಕ್ಕೋ, ಯಾವುದಕ್ಕೋ ಬೇಕಾಗಿರುತ್ತೆ, ಮೇಡಂ ಕೇಳಿದ್ದಾರೆ, ಹಾಕಿ ಕಳಿಸೋಣ ಅಷ್ಟೇ. ಅದು ಶಾಲೆಯ ಮೇಲಿನ ಗೌರವ. ಆ ಗೌರವವನ್ನೇ ಒಪ್ಪಿಗೆ ಅಂತ ಲೆಕ್ಕಕ್ಕೆ ಹಿಡಿಯುವುದು ಸರಿಯಲ್ಲ ಅನ್ನೋದು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ವರಾಂಡದಲ್ಲಿ ನಿಂತ ತಾಯಿ

ಹೊಸ ಪತ್ರ ಇನ್ನೂ ಬರೆದಿರಲಿಲ್ಲ. ಕ್ಯಾಮೆರಾದವರು ಬರುತ್ತಾರೆ ಅಂತ ಸುದ್ದಿ ಮಾತ್ರ ಹರಡಿತ್ತು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಒಬ್ಬ ತಾಯಿ ಬಂದರು. ಮಗಳು ಆ ವರ್ಷವೇ ನಮ್ಮಲ್ಲಿ ಸೇರಿದವಳು. ಆಫೀಸಿನ ಒಳಗೆ ಬನ್ನಿ ಅಂದರೂ ಬರಲಿಲ್ಲ. ವರಾಂಡದ ಕಂಬಕ್ಕೆ ಒರಗಿ ನಿಂತು, ಸುತ್ತಮುತ್ತ ಒಮ್ಮೆ ನೋಡಿ ಕೇಳಿದರು: “ಮೇಡಂ, ಇದು ಫೋನಲ್ಲೆಲ್ಲ ಬರುತ್ತಾ?”

ಬರಬಹುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಸ್ಟೇಜಲ್ಲಿ ತೋರ್ಸಿದ್ರೆ ಪರವಾಗಿಲ್ಲ ಮೇಡಂ, ಊರೋರು ನೋಡ್ತಾರೆ ಅಷ್ಟೇ. ಫೋನಲ್ಲಿ ಬೇಡ. ಅವರಿಗೆ ನಾವೆಲ್ಲಿದೀವಿ ಅಂತ ಗೊತ್ತಾಗ್ಬಾರ್ದು” ಅಂದರು. ‘ಅವರು’ ಯಾರು ಅಂತ ನಾನು ಕೇಳಲಿಲ್ಲ. ಗಂಡನ ಮನೆ ಬಿಟ್ಟು ತವರಿಗೆ ಬಂದಿದ್ದಾರೆ ಅನ್ನೋದು ಮಾತಿನಲ್ಲೇ ಇತ್ತು. ಅವರು ಹೋಗುವಾಗ ಹೇಳಿದ ಇನ್ನೊಂದು ಮಾತು ನನ್ನನ್ನು ಜಾಸ್ತಿ ಕಾಡಿತು. “ಇದನ್ನೆಲ್ಲ ಎಲ್ಲರ ಮುಂದೆ ಹೇಳೋಕಾಗಲ್ಲ, ಅದಕ್ಕೇ ಎಲ್ಲರೂ ಹೋದ ಮೇಲೆ ಬಂದೆ.”

ಈ ತಾಯಿಗೆ ನಮ್ಮ ಹಳೆ ಚೀಟಿ ಕೊಟ್ಟಿದ್ದರೆ ಏನು ಮಾಡುತ್ತಿದ್ದರು? ಸಹಿ ಹಾಕಿದರೆ ಭಯ. ಹಾಕದಿದ್ದರೆ ‘ಯಾಕೆ ಹಾಕಿಲ್ಲ’ ಅಂತ ಕ್ಲಾಸ್ ಟೀಚರ್ ಮಗುವನ್ನೇ ಎಲ್ಲರ ಮುಂದೆ ನಿಲ್ಲಿಸಿ ಕೇಳುತ್ತಾರೆ. ಅವರ ಉತ್ತರ ಪೂರ್ತಿ ಹೌದೂ ಅಲ್ಲ, ಪೂರ್ತಿ ಬೇಡವೂ ಅಲ್ಲ. ವೇದಿಕೆಗೆ ಹೌದು, ಫೋನಿಗೆ ಬೇಡ. ಒಂದೇ ಗೆರೆಯ ಚೀಟಿಯಲ್ಲಿ ಇದನ್ನು ಎಲ್ಲಿ ಬರೆಯಬೇಕು?

ಯೋಚನೆ ಮಾಡಿದಷ್ಟೂ ಇವು ಬೇರೆ ಬೇರೆ ಪ್ರಶ್ನೆಗಳೇ ಅಂತ ಸ್ಪಷ್ಟವಾಯಿತು. ಸಮಾರಂಭದ ದಿನ ಪರದೆಯ ಮೇಲೆ ತೋರಿಸಿದರೆ ಅಲ್ಲಿ ಕೂತವರು ಒಂದು ಸಲ ನೋಡುತ್ತಾರೆ, ಮುಗಿಯಿತು. ವಾಟ್ಸಾಪ್ ಗುಂಪಿಗೆ ಹಾಕಿದರೆ ಪ್ರತಿಯೊಬ್ಬರ ಫೋನಿನಲ್ಲೂ ಒಂದೊಂದು ಪ್ರತಿ ಉಳಿಯುತ್ತೆ, ಅಲ್ಲಿಂದ ಯಾರ ಸ್ಟೇಟಸ್ಸಿಗೆ ಹೋಗುತ್ತೋ ಹೇಳೋಕಾಗಲ್ಲ. ಯೂಟ್ಯೂಬಿಗೆ ಹಾಕಿದರೆ ಶಾಲೆಯ ಹೆಸರು ಹುಡುಕಿದ ಯಾರಿಗಾದರೂ ಸಿಗುತ್ತೆ. ಯೂಟ್ಯೂಬಿನಲ್ಲಿ ‘ಅನ್‌ಲಿಸ್ಟೆಡ್’ ಅಂತ ಇಟ್ಟರೆ ಹುಡುಕಾಟದಲ್ಲಿ ಬರಲ್ಲ ಅನ್ನೋದು ನಿಜ. ಆದರೆ ಲಿಂಕ್ ಕೈಗೆ ಸಿಕ್ಕ ಯಾರು ಬೇಕಾದರೂ ನೋಡಬಹುದು, ಆ ಲಿಂಕನ್ನು ಇನ್ನೊಬ್ಬರಿಗೆ ಕಳಿಸಲೂಬಹುದು. ‘ಪ್ರೈವೇಟ್’ ಅಂದರೆ ಮಾತ್ರ ನಾವು ಕರೆದವರು, ಅದೂ ಅವರ ಗೂಗಲ್ ಖಾತೆಯಿಂದ, ನೋಡಬಹುದು. ನಮ್ಮ ಊರಿನಲ್ಲಿ ಅಷ್ಟು ಜನರ ಇಮೇಲ್ ಕೂಡಿಸುವುದು ಆಗದ ಮಾತು. ಹಾಗಾಗಿ ‘ಅನ್‌ಲಿಸ್ಟೆಡ್ ತಾನೇ’ ಅಂತ ಪೋಷಕರಿಗೆ ಧೈರ್ಯ ಹೇಳುವುದು ತಪ್ಪು. ಪತ್ರದ ಮಟ್ಟಿಗೆ ಯೂಟ್ಯೂಬ್ ಅಂದರೆ ಲೋಕಕ್ಕೆಲ್ಲ ಅಂತಲೇ ಹಿಡಿಯಬೇಕು.

ಮೊಟ್ಟೆ

ಪತ್ರ ಮೊದಲೋ ಶೂಟಿಂಗ್ ಮೊದಲೋ ಅಂತ ಸ್ಟಾಫ್ ರೂಮಿನಲ್ಲಿ ಚರ್ಚೆ ಆಯಿತು. ಮೊದಲೇ ಸಹಿ ತರಿಸಿಬಿಟ್ಟರೆ ಆಮೇಲೆ ತಲೆನೋವಿಲ್ಲ ಅಂತ ಜಾಸ್ತಿ ಜನರ ಅಭಿಪ್ರಾಯ. ಆದರೆ ಮೊದಲೇ ಕೇಳಿದರೆ ಪೋಷಕರು ಯಾವುದಕ್ಕೆ ಒಪ್ಪುತ್ತಿದ್ದಾರೆ? ಇನ್ನೂ ತೆಗೆದೇ ಇಲ್ಲದ, ಏನಿರುತ್ತೆ ಅಂತ ನಮಗೂ ಗೊತ್ತಿಲ್ಲದ ಚಿತ್ರಕ್ಕೆ. ಅದು ಖಾಲಿ ಚೆಕ್ಕಿಗೆ ಸಹಿ ಹಾಕಿಸಿಕೊಂಡ ಹಾಗೆ. ಕೊನೆಗೆ ಹೀಗೆ ಮಾಡಿದೆವು. ಶೂಟಿಂಗ್ ದಿನ ಯಾವುದು, ಏನೇನು ತೆಗೆಯುತ್ತಾರೆ ಅಂತ ಮೊದಲೇ ಡೈರಿಯಲ್ಲಿ ಬರೆಸಿ ಕಳಿಸಿದೆವು, ಬೇಡ ಅನ್ನುವವರು ಆಗಲೇ ಹೇಳಬಹುದು ಅಂತಲೂ ಬರೆಸಿದೆವು. ಕ್ಯಾಮೆರಾ ಮುಂದೆ ಕೂತು ಮಾತಾಡುವ ಮಕ್ಕಳ ಮನೆಯವರನ್ನು ಮೊದಲೇ ಕೇಳಿದೆವು. ಉಳಿದದ್ದನ್ನು ತೆಗೆದು, ಯಾವ ತುಣುಕು ಬಳಸುತ್ತೇವೆ ಅಂತ ಆರಿಸಿ, ಆ ತುಣುಕಿನ ಹೆಸರು ಹಾಕಿ ಪತ್ರ ಕಳಿಸಿದೆವು.

ಹಾಗೆ ಮಾಡಿದ್ದು ಎಷ್ಟು ಒಳ್ಳೆಯದಾಯಿತು ಅಂತ ಬಿಸಿಯೂಟದ ತುಣುಕು ನೋಡಿದಾಗ ಗೊತ್ತಾಯಿತು. ನೋಡೋಕೆ ಬಹಳ ಚೆನ್ನಾಗಿತ್ತು. ಅಡುಗೆ ಅಕ್ಕ ಸಾರು ಬಡಿಸುತ್ತಾರೆ, ಹಬೆ ಏಳುತ್ತೆ, ಸಾಲಾಗಿ ಕೂತ ಮಕ್ಕಳು ನಗುತ್ತಾರೆ. ಮಧ್ಯದಲ್ಲಿ ಐದನೇ ಕ್ಲಾಸಿನ ಒಬ್ಬ ಹುಡುಗ ಮೊಟ್ಟೆ ಸುಲಿದು, ಹಳದಿ ಭಾಗವನ್ನು ಮೊದಲು ತೆಗೆದು ಅನ್ನದ ಪಕ್ಕ ಜೋಪಾನವಾಗಿ ಇಟ್ಟುಕೊಂಡು, ಬಿಳಿಯನ್ನು ಕಣ್ಣು ಮುಚ್ಚಿ ತಿನ್ನುತ್ತಾನೆ. ವಿಡಿಯೊದವರಿಗೆ ಆ ನಾಲ್ಕು ಸೆಕೆಂಡು ಬಹಳ ಇಷ್ಟವಾಗಿತ್ತು. ನಮ್ಮ ಅಡುಗೆ ಅಕ್ಕ ಮಾತ್ರ ಲ್ಯಾಪ್‌ಟಾಪ್ ಕಡೆ ನೋಡಿ ಮೆಲ್ಲಗೆ ನನ್ನ ಕಿವಿಯಲ್ಲಿ ಹೇಳಿದರು: “ಅವನ ಮನೇಲಿ ಮೊಟ್ಟೆ ತಿನ್ನಲ್ಲ ಮಿಸ್. ಮನೇಲಿ ಬಾಳೆಹಣ್ಣು ಅಂತ ಹೇಳಿದಾನೆ.”

ಮೊಟ್ಟೆ ಅಥವಾ ಬಾಳೆಹಣ್ಣು, ಮಗು ಯಾವುದು ಕೇಳಿದರೆ ಅದು. ಆ ಹುಡುಗ ಕೇಳಿ ತಿನ್ನುತ್ತಿದ್ದ. ಅದು ಮನೆಯಲ್ಲಿ ಗೊತ್ತಾದರೆ ಏನಾಗುತ್ತೆ, ಬೈತಾರೋ, ಸುಮ್ಮನಾಗುತ್ತಾರೋ, ಮೊಟ್ಟೆಯನ್ನೇ ಬಿಡಿಸುತ್ತಾರೋ, ನಮಗೇನು ಗೊತ್ತು? ಯಾವ ಕಾಯ್ದೆಯ ಪಟ್ಟಿಯಲ್ಲೂ ಈ ತುಣುಕು ‘ಅಪಾಯ’ ಅಂತ ಬರಲ್ಲ. ಅಪ್ಪ ಅಮ್ಮ ಸಹಿ ಹಾಕಿಬಿಟ್ಟಿದ್ದರೆ ನಮ್ಮ ಕಡತವೂ ಸರಿಯಾಗಿರುತ್ತಿತ್ತು. ಆದರೂ ಊರೆಲ್ಲ ಕೂತ ಶಾಮಿಯಾನದಲ್ಲಿ ಆ ಮಗು ತಲೆ ತಗ್ಗಿಸಬೇಕಾಗುತ್ತಿತ್ತು. ಆ ತುಣುಕನ್ನು ಪತ್ರದವರೆಗೂ ಹೋಗಲು ಬಿಡಲಿಲ್ಲ. ಹುಡುಗನನ್ನೂ ಏನೂ ಕೇಳಲಿಲ್ಲ. ಬಡಿಸುವ ಕೈ, ಹಬೆ, ತಟ್ಟೆಗಳ ಸಾಲು ಉಳಿಸಿಕೊಂಡೆವು.

ಅವತ್ತಿನಿಂದ ನಾನು ಒಂದು ಮಾತು ಗಟ್ಟಿಯಾಗಿ ಹೇಳುತ್ತಾ ಬಂದಿದ್ದೇನೆ. ಪೋಷಕರ ಸಹಿ ಬೇಕು, ಆದರೆ ಅದೊಂದೇ ಸಾಲದು. ಐದನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ಅವರ ತುಣುಕು ತೋರಿಸಿ, ಒಬ್ಬೊಬ್ಬರನ್ನೇ ಕರೆದು, ಹಾಕಲಾ ಅಂತ ಕೇಳಬೇಕು. ಏಳನೇ ಕ್ಲಾಸಿನ ಒಬ್ಬಳು ತನ್ನ ಭಾಷಣ ನೋಡಿ “ಬೇಡ ಮಿಸ್, ನಾನು ನಡುಗ್ತಿದೀನಿ” ಅಂದಳು. ಅವಳಪ್ಪ ಪರದೆ, ವಾಟ್ಸಾಪ್, ಯೂಟ್ಯೂಬ್ ಮೂರಕ್ಕೂ ಹೌದು ಅಂತ ಸಹಿ ಹಾಕಿದ್ದರು. ತುಣುಕು ತೆಗೆದೆವು.

ಪತ್ರ ಹೀಗಿತ್ತು

ಕೊನೆಗೆ ಬರೆದ ಪತ್ರ ಇದು. ಬೇರೆ ಶಾಲೆಯವರಿಗೆ ಉಪಯೋಗಕ್ಕೆ ಬಂದರೆ ಹಾಗೇ ತಗೊಳ್ಳಿ.

“ಪೋಷಕರಿಗೆ ನಮಸ್ಕಾರ. ನಮ್ಮ ಶಾಲೆಯ ಐವತ್ತನೇ ವರ್ಷದ ವಿಡಿಯೊದಲ್ಲಿ ನಿಮ್ಮ ಮಗ/ಮಗಳು ಕಾಣುವ ಈ ತುಣುಕು ಸೇರಿಸಬೇಕು ಅಂತಿದ್ದೇವೆ: ಕೋಲಾಟ, ಸುಮಾರು 6 ಸೆಕೆಂಡು. ಮುಖ ಕಾಣುತ್ತದೆ. ಹೆಸರು ಹಾಕುವುದಿಲ್ಲ. ಶನಿವಾರ ಮಧ್ಯಾಹ್ನ ಶಾಲೆಗೆ ಬಂದರೆ ತುಣುಕು ತೋರಿಸುತ್ತೇವೆ. ಬರಲು ಆಗದಿದ್ದರೆ ಹೇಳಿ ಕಳಿಸಿ, ನಿಮ್ಮ ಮಗು ಕಾಣುವ ಭಾಗವನ್ನು ನಿಮ್ಮ ಫೋನಿಗೆ ಕಳಿಸುತ್ತೇವೆ.

ಪ್ರತಿ ಸಾಲಿಗೂ ಒಂದು ಗುರುತು ಹಾಕಿ.
ಸಮಾರಂಭದ ದಿನ ಪರದೆಯಲ್ಲಿ ತೋರಿಸಲು: ಹೌದು / ಬೇಡ
ಪೋಷಕರ ವಾಟ್ಸಾಪ್ ಗುಂಪಿಗೆ ಕಳಿಸಲು: ಹೌದು / ಬೇಡ
ಯೂಟ್ಯೂಬಿನಲ್ಲಿ ಹಾಕಲು: ಹೌದು / ಬೇಡ

ಬೇಡ ಅಂದರೆ ಕಾರಣ ಹೇಳಬೇಕಾಗಿಲ್ಲ. ಮಗು ಕೋಲಾಟದಲ್ಲೂ ಸಮಾರಂಭದಲ್ಲೂ ಎಲ್ಲರ ಜೊತೆ ಇರುತ್ತದೆ. ಚೀಟಿ ವಾಪಸ್ ಬರದಿದ್ದರೆ ‘ಬೇಡ’ ಅಂತಲೇ ತಿಳಿಯುತ್ತೇವೆ. ಈಗ ಹೌದು ಅಂದು ಆಮೇಲೆ ಮನಸ್ಸು ಬದಲಾದರೆ ಶಾಲೆಯ ಫೋನಿಗೆ ಒಂದು ಮಾತು ಹೇಳಿದರೆ ಸಾಕು, ಯೂಟ್ಯೂಬಿನಿಂದ ತೆಗೆಯುತ್ತೇವೆ. ವಾಟ್ಸಾಪಿನಲ್ಲಿ ಆಗಲೇ ಹರಡಿದ ಪ್ರತಿಗಳನ್ನು ವಾಪಸ್ ತರುವುದು ನಮ್ಮಿಂದ ಆಗುವುದಿಲ್ಲ.”

ಕೊನೆಯ ವಾಕ್ಯ ಬೇಡ, ಸುಮ್ನೆ ಹೆದರಿಸಿದ ಹಾಗಾಗುತ್ತೆ ಅಂತ ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಆಗದ್ದನ್ನು ಆಗಲ್ಲ ಅಂತ ಮೊದಲೇ ಹೇಳಿದರೆ ತಾನೇ ಅವರು ಸರಿಯಾಗಿ ಯೋಚನೆ ಮಾಡೋದು? ಚೀಟಿ ಬರದಿದ್ದರೆ ಬೇಡ ಅನ್ನುವ ವಾಕ್ಯಕ್ಕೂ ಜಗಳ ಆಯಿತು. ‘ಮೂರು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಇದೆ ಎಂದು ಭಾವಿಸಲಾಗುವುದು’ ಅಂತ ಹಾಕುವ ರೂಢಿ ಹಲವು ಕಡೆ ಇದೆ. ಕೆಲಸ ಬೇಗ ಮುಗಿಯುತ್ತೆ, ಆದರೆ ಅದು ಒಪ್ಪಿಗೆ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕೂಡ ಇದನ್ನೇ ಹೇಳುತ್ತೆ. ಒಪ್ಪಿಗೆ ಅಂದರೆ ಅದು ಸ್ವತಂತ್ರವಾಗಿರಬೇಕು, ಯಾವುದಕ್ಕೆ ಅಂತ ಗೊತ್ತಿರಬೇಕು, ಹೌದು ಅಂತ ತಾವಾಗಿ ಸೂಚಿಸಿರಬೇಕು. ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು. 18 ತುಂಬದ ಎಲ್ಲರೂ ಆ ಕಾಯ್ದೆಯ ಲೆಕ್ಕದಲ್ಲಿ ಮಕ್ಕಳು, ಅವರ ಪರವಾಗಿ ಪೋಷಕರು ಒಪ್ಪಬೇಕು, ಒಪ್ಪಿದ್ದು ಪೋಷಕರೇ ಅಂತ ಖಚಿತವಾಗಬೇಕು. ನಿಯಮಗಳು ಪ್ರಕಟವಾಗಿದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗಗಳು ಜಾರಿಗೆ ಬರೋಕೆ ಅಲ್ಲಿಂದ 18 ತಿಂಗಳ ಅವಕಾಶ ಇದೆ. ಅಲ್ಲಿವರೆಗೂ ಕಾಯಬೇಕಾದ ಅಗತ್ಯ ನನಗಂತೂ ಕಾಣಲಿಲ್ಲ.

ಸಹಿ ಪೋಷಕರದ್ದೇ ಅಂತ ಖಚಿತ ಮಾಡಿಕೊಳ್ಳೋದೇ ಕಷ್ಟದ ಕೆಲಸ. ನಮ್ಮಲ್ಲಿ ಎಷ್ಟೋ ಮಕ್ಕಳು ಅಜ್ಜಿ ಮನೆಯಲ್ಲಿದ್ದಾರೆ, ಅಪ್ಪ ಅಮ್ಮ ಬೆಂಗಳೂರಿನಲ್ಲಿ ಕೆಲಸಕ್ಕೆ. ಅಂಥವರಿಗೆ ಚೀಟಿಯ ಫೋಟೊ ಕಳಿಸಿ, ಶಾಲೆಯ ದಾಖಲೆಯಲ್ಲಿರುವ ನಂಬರಿನಿಂದಲೇ ಉತ್ತರ ಹೇಳಿ ಅಂತ ವಾಯ್ಸ್ ಮೆಸೇಜ್ ಕೇಳಿದೆವು. ಓದಲು ಬಾರದವರಿಗೆ ಶನಿವಾರ ಪತ್ರ ಓದಿ ಹೇಳಿದೆವು. ಓದಿ ಹೇಳಿದವರು ಹೆಬ್ಬೆಟ್ಟಿನ ಪಕ್ಕ ತಮ್ಮ ಹೆಸರು ಬರೆದರು. ಮಕ್ಕಳ ಕೈಯಲ್ಲಿ ಓದಿಸಲಿಲ್ಲ, ಯಾಕಂದರೆ ಕೋಲಾಟದಲ್ಲಿ ಕಾಣಬೇಕು ಅನ್ನೋ ಆಸೆ ಇರೋ ಮಗು ‘ಬೇಡ’ ಅನ್ನೋ ಸಾಲನ್ನು ಹಾರಿಸಿಬಿಡುತ್ತೆ. ಅದರ ತಪ್ಪೇನಿಲ್ಲ.

ಈ ಸಲ ಚೀಟಿಗಳಲ್ಲಿ ‘ಬೇಡ’ಗಳು ಬಂದವು. ಜಾಸ್ತಿ ಯೂಟ್ಯೂಬ್ ಸಾಲಿನಲ್ಲೇ. ಆ ತಾಯಿಯ ಚೀಟಿಯೂ ಎಲ್ಲರ ಚೀಟಿಗಳ ಜೊತೆಗೇ ಬಂತು, ಮೊದಲ ಸಾಲಿಗೆ ಹೌದು, ಉಳಿದ ಎರಡಕ್ಕೆ ಬೇಡ.

ಬೇಡ ಅಂದ ಮೇಲೆ

ಎಡಿಟಿಂಗಿಗೆ ಒಂದು ಹಾಳೆ ಮಾಡಿದೆವು. ಎಡಗಡೆ ತುಣುಕಿನ ನಂಬರ್, ಪಕ್ಕದಲ್ಲಿ ಅದರಲ್ಲಿ ಗುರುತು ಸಿಗುವ ಮಕ್ಕಳು, ಆಮೇಲೆ ಪರದೆ, ವಾಟ್ಸಾಪ್, ಯೂಟ್ಯೂಬ್ ಅಂತ ಮೂರು ಕಾಲಂ. ಒಂದು ತುಣುಕಿನಲ್ಲಿ ಹನ್ನೆರಡು ಮಕ್ಕಳಿದ್ದು ಒಬ್ಬರ ಮನೆಯವರು ಬೇಡ ಅಂದಿದ್ದರೆ ಆ ತುಣುಕಿಗೆಲ್ಲ ಆ ಕಾಲಂನಲ್ಲಿ ‘ಬೇಡ’. ಹಾಗಾಗಿ ಎರಡು ವಿಡಿಯೊ ತಯಾರಾದವು. ಒಂದು ಸಮಾರಂಭದ ಪರದೆಗೆ. ಇನ್ನೊಂದು ವಾಟ್ಸಾಪ್ ಮತ್ತು ಯೂಟ್ಯೂಬಿಗೆ, ಅದು ಸ್ವಲ್ಪ ಚಿಕ್ಕದು.

ಕೋಲಾಟದ ತುಣುಕೇ ಉದಾಹರಣೆ. ಅದರಲ್ಲಿ ಆ ತಾಯಿಯ ಮಗಳಿದ್ದಳು, ಎಡಗಡೆಯಿಂದ ಎರಡನೆಯವಳು. ಮುಖ ಮಸುಕು ಮಾಡೋಣ ಅಂತ ವಿಡಿಯೊದವರು ಮೊದಲು ಹೇಳಿದರು. ಒಂದು ಸಲ ಮಾಡಿ ತೋರಿಸಿದರು ಕೂಡ. ನೋಡಿದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತೆ. ಹನ್ನೊಂದು ನಗುಮುಖಗಳ ನಡುವೆ ಒಂದು ಮಸುಕು, ಟಿವಿ ಸುದ್ದಿಯಲ್ಲಿ ಆರೋಪಿಯನ್ನು ತೋರಿಸಿದ ಥರ. ಊರಿನವರು ‘ಅದ್ಯಾರು, ಯಾಕೆ’ ಅಂತ ಕೇಳೋದು ಖಂಡಿತ. ಅದನ್ನು ಬಿಟ್ಟು ಅವರು ಚಿತ್ರವನ್ನು ಕತ್ತರಿಸಿದರು. ಶೂಟ್ ಮಾಡಿದ್ದು 4ಕೆಯಲ್ಲಿ, ವಿಡಿಯೊ ತಯಾರಾಗೋದು 1080ರಲ್ಲಿ. ಅಂದರೆ ಅಗಲದಲ್ಲಿ ಅರ್ಧ ಕತ್ತರಿಸಿದರೂ ಸ್ಪಷ್ಟತೆ ಕಡಿಮೆ ಆಗಲ್ಲ. ಬಲಗಡೆಯ ಮಕ್ಕಳು ಉಳಿದರು. ಅವರು ಸುತ್ತಿ ಎಡಕ್ಕೆ ಹೋಗುವಾಗ ಕಾಲಿನ ಹೆಜ್ಜೆಗಳಿಗೆ, ಕೋಲುಗಳಿಗೆ ಚಿತ್ರ ಬದಲಾಗುತ್ತೆ, ಕೋಲಿನ ಸದ್ದು ಮಾತ್ರ ಮುಂದುವರಿಯುತ್ತೆ. ಯಾರೋ ಕಾಣೆಯಾಗಿದ್ದಾರೆ ಅಂತ ಯಾರಿಗೂ ಅನ್ನಿಸಲ್ಲ. ಆ ಹುಡುಗಿಯೂ ಸಮಾರಂಭದ ದಿನ ತನ್ನ ಜಾಗದಲ್ಲೇ ನಿಂತು ಕುಣಿದಳು. ಬೇಡ ಅಂದವರ ಮಕ್ಕಳನ್ನು ಕಾರ್ಯಕ್ರಮದಿಂದಲೇ ಬಿಟ್ಟುಬಿಟ್ಟರೆ ಕೆಲಸ ಸುಲಭ ಅನ್ನೋ ಮಾತು ಬಂದಿತ್ತು. ಹಾಗೆ ಒಂದು ಸಲ ಮಾಡಿದರೆ ಮುಂದಿನ ವರ್ಷ ಒಬ್ಬರೂ ಬೇಡ ಅನ್ನಲ್ಲ, ಮನಸ್ಸಿನಲ್ಲಿ ಏನೇ ಇದ್ದರೂ.

ಇನ್ನೊಂದು ವಿಷಯ ಎಡಿಟಿಂಗಿಗೆ ಕೂತಾಗಲೇ ಗೊತ್ತಾಗಿದ್ದು. ಹೆಸರು ಹಾಕಲ್ಲ ಅಂತ ಪತ್ರದಲ್ಲಿ ಬರೆದಿದ್ದೆವಲ್ಲ, ವಿಡಿಯೊ ನಿಲ್ಲಿಸಿ ನೋಡಿದರೆ ಒಬ್ಬ ಹುಡುಗನ ಕೊರಳಿನ ಐಡಿ ಕಾರ್ಡ್ ಓದುವಷ್ಟು ಚೆನ್ನಾಗಿ ಕಾಣುತ್ತಿತ್ತು. ಹೆಸರು, ತರಗತಿ, ಅಪ್ಪನ ಹೆಸರು, ಫೋನ್ ನಂಬರ್, ಎಲ್ಲ. ಬಹುಮಾನದ ಪ್ರಮಾಣಪತ್ರ ಹಿಡಿದು ನಿಂತವರದ್ದೂ ಅದೇ ಕತೆ. ಕ್ಯಾಮೆರಾ ತಂದ ದಿನ ಐಡಿ ಕಾರ್ಡನ್ನು ಅಂಗಿಯ ಒಳಗೆ ಹಾಕಿಸಿದರೆ ಮುಗಿಯುತ್ತೆ. ಇದು ಯಾವ ಪತ್ರದಲ್ಲೂ ಬರಲ್ಲ, ಆದರೆ ಪತ್ರದಲ್ಲಿ ಕೊಟ್ಟ ಮಾತು ಉಳಿಯೋದು ಇಂಥದ್ದರಿಂದಲೇ.

ವಿಡಿಯೊದವರ ಹಾರ್ಡ್ ಡಿಸ್ಕಿನಲ್ಲಿ ಉಳಿಯುವ ಪೂರ್ತಿ ಶೂಟಿಂಗ್ ಬಗ್ಗೆಯೂ ಮಾತಾಡಬೇಕು. ಮದುವೆ ಶೂಟಿಂಗ್ ಮಾಡುವ ಹುಡುಗರು, ಒಳ್ಳೆಯವರು. ತಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ ಕೆಲಸದ ಸ್ಯಾಂಪಲ್ ಹಾಕೋದು ಅವರಿಗೆ ಅಭ್ಯಾಸ. ಮಕ್ಕಳ ಯಾವ ತುಣುಕೂ ಅಲ್ಲಿಗೆ ಹೋಗಬಾರದು, ಕೆಲಸ ಮುಗಿದ ಮೇಲೆ ಮೂಲ ಫೈಲುಗಳನ್ನು ಶಾಲೆಗೆ ಕೊಟ್ಟು ತಮ್ಮಲ್ಲಿರುವುದನ್ನು ಅಳಿಸಬೇಕು ಅಂತ ಬರೆದು ಸಹಿ ಪಡೆದೆವು. ಬಾಯಿಮಾತಲ್ಲಿ ಹೇಳಿದ್ದರೂ ಕೇಳುತ್ತಿದ್ದರು ಅನ್ನಿಸುತ್ತೆ, ಆದರೆ ಪೋಷಕರಿಂದ ಬರಹದಲ್ಲಿ ಕೇಳಿದ ಮೇಲೆ ಅವರಿಂದಲೂ ಬರಹದಲ್ಲೇ ಬೇಕು.

ಹಳೆ ಕ್ಯಾಸೆಟ್ಟಿನ ಮಕ್ಕಳು

ಹಳೆ ವಿದ್ಯಾರ್ಥಿಗಳ ಸಂಘದವರು 2000ದ ಆಸುಪಾಸಿನ ಒಂದು ವಾರ್ಷಿಕೋತ್ಸವದ ಕ್ಯಾಸೆಟ್ ಹುಡುಕಿ, ಡಿಜಿಟಲ್ ಮಾಡಿಸಿ ತಂದಿದ್ದರು. ನೋಡಲು ಕಣ್ಣು ತುಂಬಿ ಬರುತ್ತೆ. ಆದರೆ ಅದರಲ್ಲಿರುವ ಮಕ್ಕಳ ಪೋಷಕರಿಗೆ ಪತ್ರ ಕಳಿಸೋದು ಅರ್ಥವಿಲ್ಲದ್ದು. ಅವರೆಲ್ಲ ಈಗ ದೊಡ್ಡವರು, ಕೆಲವರ ಮಕ್ಕಳೇ ನಮ್ಮಲ್ಲಿ ಓದುತ್ತಿದ್ದಾರೆ. ಅವರನ್ನೇ ಕೇಳಬೇಕು. ಸಂಘದವರ ವಾಟ್ಸಾಪ್ ಗುಂಪಿನಲ್ಲಿ ಕ್ಯಾಸೆಟ್ಟನ್ನೇ ಹಾಕಿ ‘ಇವರ್ಯಾರು ಗುರುತಿಸಿ’ ಅಂತ ಕೇಳುವ ಯೋಚನೆ ಇತ್ತು. ಕೇಳುವ ಮೊದಲೇ ಹಂಚಿದ ಹಾಗಾಗುತ್ತೆ ಅಂತ ಅದನ್ನು ಬಿಟ್ಟು, ಇಬ್ಬರು ಹಳೆ ವಿದ್ಯಾರ್ಥಿಗಳು ಶಾಲೆಯಲ್ಲೇ ಕೂತು ಗುರುತು ಹಿಡಿದು ಒಬ್ಬೊಬ್ಬರಿಗೂ ಫೋನ್ ಮಾಡಿದರು. ಸಿಕ್ಕವರ ತುಣುಕು ಉಳಿಯಿತು. ಯಾರು ಅಂತ ಗೊತ್ತಾಗದವರ ಹತ್ತಿರದ ಚಿತ್ರಗಳನ್ನು ಬಿಟ್ಟು, ಮುಖ ಗುರುತು ಸಿಗದಷ್ಟು ದೂರದಿಂದ ತೆಗೆದ ದೃಶ್ಯ ಮಾತ್ರ ಇಟ್ಟುಕೊಂಡೆವು.

ಸಮಾರಂಭ ಮುಗಿದ ಮೇಲೆ ಒಬ್ಬ ತಂದೆ ಫೋನ್ ಮಾಡಿ, ಯೂಟ್ಯೂಬಿನಲ್ಲಿ ಮಗನ ಭಾಗ ತೆಗೆಯಿರಿ ಅಂದರು. ಕಾರಣ ಹೇಳಲಿಲ್ಲ, ಕೇಳಲೂ ಇಲ್ಲ. ಯೂಟ್ಯೂಬಿನಲ್ಲಿ ಹಾಕಿದ ವಿಡಿಯೊದ ಜಾಗಕ್ಕೆ ಇನ್ನೊಂದು ಫೈಲ್ ಹಾಕಲು ಬರಲ್ಲ, ಆದರೆ ಅದರದ್ದೇ ಎಡಿಟರ್‌ನಲ್ಲಿ ಬೇಡದ ಭಾಗ ಕತ್ತರಿಸಬಹುದು, ಲಿಂಕ್ ಬದಲಾಗಲ್ಲ. ಆ ಐದು ಸೆಕೆಂಡು ಕತ್ತರಿಸಿದೆವು. ಕತ್ತರಿಸಿದ್ದು ಕಾಣಿಸಲು ಸ್ವಲ್ಪ ಹೊತ್ತು ಹಿಡಿಯುತ್ತೆ, ಅದನ್ನೂ ಅವರಿಗೆ ಹೇಳಿದೆವು. ಪತ್ರಗಳು, ತುಣುಕಿನ ಹಾಳೆ, ಯೂಟ್ಯೂಬ್ ಖಾತೆಯ ಪಾಸ್‌ವರ್ಡ್ ಇರುವ ಲಕೋಟೆ ಈಗ ಎಚ್‌ಎಂ ಕೊಠಡಿಯ ಬೀರುವಿನಲ್ಲಿ ಒಂದೇ ಕಡತದಲ್ಲಿವೆ. ಪತ್ರದಲ್ಲಿ ನನ್ನ ನಂಬರ್ ಕೊಡದೆ ಶಾಲೆಯ ನಂಬರ್ ಕೊಟ್ಟಿದ್ದೂ ಅದಕ್ಕೇ. ನನಗೆ ಮುಂದಿನ ವರ್ಷ ವರ್ಗಾವಣೆ ಆಗಬಹುದು, ಆಗಲೂ ಒಬ್ಬ ತಾಯಿ ಫೋನ್ ಮಾಡಿದರೆ ಎತ್ತಿದವರಿಗೆ ಯಾವ ಕಡತ ತೆಗೆಯಬೇಕು ಅಂತ ಗೊತ್ತಿರಬೇಕು ಅಲ್ವಾ.